ಟ್ರೆಕ್ಕಿಂಗ್‌ನಲ್ಲಿ ಫಿಲ್ಟರ್ ಇಲ್ಲದೆ ಗಟ್ಟಿ ಡಿಕಾಕ್ಷನ್

ಪ್ರಶ್ನೆ: ನಾನಿರೋದು ಪುಣೆಯಲ್ಲಿ. ವಾರಾಂತ್ಯಕ್ಕೆ ರಾಜಮಾಚಿ, ಹರಿಶ್ಚಂದ್ರಗಡ ಅಂತ ಟೆಂಟ್ ಹಾಕೋಕೆ ಹೋಗ್ತೀವಿ. ಇನ್‌ಸ್ಟಂಟ್ ಪುಡಿ ಕುಡಿದು ಸಾಕಾಗಿದೆ. ಸ್ಟೀಲ್ ಫಿಲ್ಟರ್ ಹೊರದೆ ಇಬ್ಬರಿಗೆ ನಮ್ಮ ಕಾಫಿ ಮಾಡೋದು ಹೇಗೆ?

ಒಂದು ಚಿಕ್ಕ ಪಾತ್ರೆ, ಮುಚ್ಚಳವಿರುವ ಒಂದು ಸ್ಟೀಲ್ ಲೋಟ, ಸೋಸಿಕೊಳ್ಳಲು ಇನ್ನೊಂದು ಲೋಟ, ಕರವಸ್ತ್ರದಷ್ಟು ದೊಡ್ಡದಾದ ತೆಳು ಹತ್ತಿ ಬಟ್ಟೆ, ಇಷ್ಟು ಸಾಕು. ಹಳೆಯ ಪಂಚೆಯ ತುಂಡಾದರೆ ಎಲ್ಲಕ್ಕಿಂತ ಒಳ್ಳೆಯದು, ಅದರಲ್ಲಿ ಗಂಜಿ ಉಳಿದಿರುವುದಿಲ್ಲ. ಹೊಸ ಬಟ್ಟೆಯಾದರೆ ಮನೆಯಲ್ಲೇ ಎರಡು ಸಲ ನೀರಿನಲ್ಲಿ ಕುದಿಸಿ, ಇಲ್ಲದಿದ್ದರೆ ಮೊದಲ ಕಾಫಿಗೆ ಬಟ್ಟೆಯ ವಾಸನೆ ಹತ್ತುತ್ತದೆ. ಬೆಟ್ಟದ ಮೇಲೆ ಫಿಲ್ಟರ್ ಹೇಗೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಡಿಕಾಕ್ಷನ್ ಹನಿಹನಿಯಾಗಿ ಇಳಿಯಲು ಕಾಲು ಗಂಟೆಗೂ ಹೆಚ್ಚು ಬೇಕು, ಅಷ್ಟರಲ್ಲಿ ಗಾಳಿಗೆ ಅದು ತಣ್ಣಗಾಗಿರುತ್ತದೆ.

ಪುಡಿ ಕೊಳ್ಳುವಾಗಲೇ ಅರ್ಧ ಕೆಲಸ ಮುಗಿಯುತ್ತದೆ. ಮುಂಬೈನ ಮಾಟುಂಗಾದಂಥ ಕಡೆ ಎದುರಿಗೇ ಹುರಿದು ಪುಡಿ ಮಾಡಿಕೊಡುವ ಅಂಗಡಿಯಲ್ಲಿ ಫಿಲ್ಟರ್ ಪುಡಿಗಿಂತ ಸ್ವಲ್ಪ ತರಿಯಾಗಿ ಕೇಳಿ. ಚಿಕೋರಿ ನೂರಕ್ಕೆ ಇಪ್ಪತ್ತು ಭಾಗ ಮೀರದಿರಲಿ. ಚಿಕೋರಿ ಬೇಗ ಕರಗಿ ನೀರನ್ನು ಕಪ್ಪಗೆ ಮಾಡುತ್ತದೆ. ಅದು ಜಾಸ್ತಿಯಿದ್ದರೆ ಬಣ್ಣ ನೋಡಿ ಡಿಕಾಕ್ಷನ್ ಆಯಿತು ಅಂದುಕೊಳ್ಳುತ್ತೀರಿ, ಹಾಲು ಬೆರೆಸಿದ ಮೇಲೆ ಕಾಫಿಯ ರುಚಿಯೇ ಇರುವುದಿಲ್ಲ. ಆದ್ದರಿಂದ ಬಣ್ಣವನ್ನು ನಂಬಬೇಡಿ, ಗಡಿಯಾರ ನೋಡಿ.

ಇಬ್ಬರಿಗೆ ಪುಡಿ 20 ಗ್ರಾಂ, ಅಂದರೆ ಸಮತಟ್ಟಾಗಿ ನಾಲ್ಕು ದೊಡ್ಡ ಚಮಚ. ನೀರು 120 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೈಗೆ ಸಿಗುವುದು ಸುಮಾರು 80 ಮಿಲಿ. ಮನೆಯಲ್ಲೇ ಆ ಲೋಟಕ್ಕೆ 120 ಮಿಲಿ ಅಳೆದು ಹಾಕಿ, ನೀರು ನಿಂತ ಮಟ್ಟಕ್ಕೆ ಒಂದು ಗೀರು ಎಳೆದುಕೊಳ್ಳಿ. ಪುಡಿಯನ್ನೂ ಒಂದೊಂದು ಹೊತ್ತಿಗೆ ಬೇಕಾದಷ್ಟು ಪೊಟ್ಟಣ ಕಟ್ಟಿಕೊಳ್ಳಿ. ಕತ್ತಲಲ್ಲಿ ಅಂದಾಜಿನ ಮೇಲೆ ಹಾಕಿದರೆ ಒಂದೋ ನೀರು, ಇಲ್ಲ ಕಷಾಯ.

ಲೋಟಕ್ಕೆ ಮೊದಲು ಸ್ವಲ್ಪ ಬಿಸಿನೀರು ಹಾಕಿ ಬೆಚ್ಚಗೆ ಮಾಡಿ, ಆ ನೀರನ್ನು ಪಾತ್ರೆಗೇ ವಾಪಸು ಸುರಿಯಿರಿ. ಅದು ಮತ್ತೆ ಚೆನ್ನಾಗಿ ಕುದಿಯಲಿ. ಲೋಟದಲ್ಲಿ ಗೀರಿನ ಮಟ್ಟಕ್ಕೆ ಕುದಿನೀರು ತುಂಬಿಸಿ, ಪುಡಿ ಹಾಕಿ, ಒಣ ಗಂಟು ಉಳಿಯದಂತೆ ಕದಡಿ ಮುಚ್ಚಿ. ಇಲ್ಲಿ ನೀರು ಆರಲಿ ಎಂದು ಕಾಯಬೇಡಿ. ಪ್ರತಿ 300 ಮೀಟರ್ ಎತ್ತರಕ್ಕೆ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುತ್ತದೆ. 1,400 ಮೀಟರ್ ದಾಟಿದ ಹರಿಶ್ಚಂದ್ರಗಡದ ಮೇಲೆ ನೀರು ಕುದಿಯುವುದೇ 95 ಡಿಗ್ರಿ ಆಸುಪಾಸಿನಲ್ಲಿ, ಕಾಫಿಗೆ ಅದೇ ಹದ. ಲೋಟವನ್ನು ಟವೆಲ್ಲಿನಲ್ಲಿ ಸುತ್ತಿ ಆರು ನಿಮಿಷ ಬಿಡಿ. ಸುತ್ತದಿದ್ದರೆ ಇಷ್ಟು ಕಡಿಮೆ ನೀರು ಬೇಗ ಆರಿ ಡಿಕಾಕ್ಷನ್ ತೆಳ್ಳಗೆ, ಹುಳಿಹುಳಿಯಾಗುತ್ತದೆ. ಪುಡಿಯನ್ನು ಒಲೆಯ ಮೇಲೆ ನೀರಿನ ಜೊತೆಗೇ ಕುದಿಸುವುದಂತೂ ಬೇಡ, ಘಮ ಹಾರಿಹೋಗಿ ಬರೀ ಕಹಿ ಉಳಿಯುತ್ತದೆ.

ಈ ಆರು ನಿಮಿಷದಲ್ಲಿ ಹಾಲು ಸಿದ್ಧವಾಗಬೇಕು. 200 ಮಿಲಿಯ ಟೆಟ್ರಾ ಪ್ಯಾಕ್ ಸಿಕ್ಕರೆ ಅದೇ ಸಲೀಸು. ಹಾಲಿನ ಪುಡಿಯಾದರೆ ನಾಲ್ಕು ದೊಡ್ಡ ಚಮಚಕ್ಕೆ 240 ಮಿಲಿ ನೀರು. ಪುಡಿಯನ್ನು ಮೊದಲು ಸ್ವಲ್ಪ ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿ, ಆಮೇಲೆ ಉಳಿದ ನೀರು ಸೇರಿಸಿ ಕಾಯಿಸಿ. ನೇರ ಕುದಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ, ಎಷ್ಟು ಕದಡಿದರೂ ಬಿಡುವುದಿಲ್ಲ.

ಸೋಸುವಾಗ ಬಟ್ಟೆಯನ್ನು ಮೊದಲು ಬಿಸಿನೀರಲ್ಲಿ ಒದ್ದೆ ಮಾಡಿ, ಎರಡು ಮಡಿಕೆ ಮಾಡಿ ಇನ್ನೊಂದು ಲೋಟದ ಬಾಯಿಗೆ ಕಟ್ಟಿ. ಕದಡದೆ ಮೇಲಿನ ತಿಳಿಯನ್ನು ಮೊದಲು ಸುರಿಯಿರಿ, ಚರಟ ಕೊನೆಗೆ ಬರಲಿ. ಚರಟವೇ ಮೊದಲು ಬಿದ್ದರೆ ಬಟ್ಟೆಯ ಕಣ್ಣು ಕಟ್ಟಿಕೊಂಡು ನಿಂತುಬಿಡುತ್ತದೆ. ಆಗ ಅನೇಕರು ಬಟ್ಟೆಯನ್ನು ಹಿಂಡುತ್ತಾರೆ. ಹಿಂಡಿದರೆ ಸಿಗುವುದು ನಾಲ್ಕು ಚಮಚ ಹೆಚ್ಚು, ಅದರ ಜೊತೆ ನುಣ್ಣನೆಯ ಪುಡಿ ಇಳಿದು ನಾಲಿಗೆಗೆ ಮಣ್ಣಿನಂತೆ ಸಿಗುತ್ತದೆ. ಸುಮ್ಮನೆ ಎರಡು ನಿಮಿಷ ಕಾಯಿರಿ. ನಿಮ್ಮಲ್ಲಿರುವುದು ತೀರ ನುಣ್ಣನೆಯ ಪುಡಿಯಾದರೆ ನೆನೆಯುವ ಹೊತ್ತನ್ನು ನಾಲ್ಕು ನಿಮಿಷಕ್ಕೆ ಇಳಿಸಿ.

ರೈಲಿನಲ್ಲಿ ಗೋವಾ ಕಡೆಗೆ ಹೊರಟರೆ ಒಲೆ ಹಚ್ಚುವ ಹಾಗಿಲ್ಲ. ಮನೆಯಿಂದ ಥರ್ಮಾಸ್‌ನಲ್ಲಿ ಕುದಿನೀರು ಒಯ್ಯಿರಿ. ನಾಲ್ಕೈದು ಗಂಟೆಯಲ್ಲಿ ಅದರ ಕಾವು ಇಳಿದಿರುತ್ತದೆ, ಆದ್ದರಿಂದ ಆರರ ಬದಲು ಎಂಟು ನಿಮಿಷ ನೆನೆಸಿ, ನಡುವೆ ಒಮ್ಮೆ ಕದಡಿ. ಡಿಕಾಕ್ಷನ್ ಅನ್ನೇ ಮಾಡಿ ಬಾಟಲಿಯಲ್ಲಿ ಒಯ್ಯುವುದು ನನಗೆ ಒಪ್ಪಿಗೆಯಿಲ್ಲ, ಕೊಂಕಣದ ಸೆಖೆಯಲ್ಲಿ ಸಂಜೆಯೊಳಗೆ ಅದರ ಘಮ ಹೋಗಿರುತ್ತದೆ.

ಬಟ್ಟೆಗೆ ಸೋಪು ಮುಟ್ಟಿಸಬೇಡಿ, ಮುಂದಿನ ಲೋಟದಲ್ಲಿ ಅದೇ ವಾಸನೆ. ಬರೀ ನೀರಲ್ಲಿ ಜಾಲಾಡಿ ಬ್ಯಾಗಿನ ಹೊರಗೆ ಸಿಕ್ಕಿಸಿ ಒಣಗಿಸಿ. ಒದ್ದೆಯಲ್ಲೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಮರುದಿನ ಹುಳಿ ನಾತ ಬರುತ್ತದೆ. ಹಾಗಾದ ಬಟ್ಟೆಯನ್ನು ಬಳಸುವ ಮುನ್ನ ಐದು ನಿಮಿಷ ಕುದಿಸಿ, ನಾತ ಆಗಲೂ ಹೋಗದಿದ್ದರೆ ಹೊಸ ತುಂಡು ತೆಗೆಯಿರಿ. ಚರಟವನ್ನು ಕೋಟೆಯ ನೀರಿನ ಟಾಕಿಯ ಹತ್ತಿರ ಚೆಲ್ಲಬೇಡಿ, ಕಟ್ಟಿಕೊಂಡು ಕೆಳಗೆ ತನ್ನಿ.