ಇಲ್ಲ ಅನ್ನುವ ಫೋನು ಮೊದಲು ಯಾರಿಗೆ?

ಪ್ರಶ್ನೆ: ಸರ್, ನಾನು ಯಾದಗಿರಿಯವನು. ಕಡೇಚೂರಿನ ಒಂದು ಔಷಧ ಕಂಪನಿಯ ಲ್ಯಾಬಿನಲ್ಲಿ ನಾಲ್ಕು ವರ್ಷದಿಂದ ಕೆಮಿಸ್ಟ್. ಹೈದರಾಬಾದಿನ ಕಂಪನಿಯಿಂದ ಆಫರ್ ಲೆಟರ್ ಬಂದಿದೆ, ಸಹಿ ಮಾಡಿಲ್ಲ, ಐದು ದಿನ ಟೈಮ್ ಇದೆ. ಹೆಂಡತಿಯ ಬಿ.ಎಡ್. ಕಲಬುರಗಿಯಲ್ಲಿ ಮುಂದಿನ ಜೂನ್‌ಗೆ ಮುಗಿಯುತ್ತದೆ, ಅಲ್ಲಿವರೆಗೆ ಹೋಗಲಾರೆ. ಆಮೇಲೆ ಹೋಗೋ ಆಸೆ ಇದೆ. ಹೆಸರು ಸೂಚಿಸಿದ್ದು ನನ್ನ ಹಳೇ ಸೀನಿಯರ್. ಅಪ್ಪನಿಗೆ ಹುಷಾರಿಲ್ಲ ಅಂತ ಹೇಳಿಬಿಡಲಾ?

ಉತ್ತರ: ಬೇಡ. ಅಪ್ಪ ಚೆನ್ನಾಗಿರಲಿ, ಅವರನ್ನು ಇದಕ್ಕೆ ಎಳೀಬೇಡಿ. (ಈ ಸಂಚಿಕೆ ಅಚ್ಚಾಗುವ ಹೊತ್ತಿಗೆ ನಿಮ್ಮ ಐದು ದಿನ ಮುಗಿದಿರುತ್ತವೆ, ಅದಕ್ಕೇ ನಿಮಗೆ ಅವತ್ತೇ ಮೆಸೇಜ್ ಮಾಡಿದ್ದೆ. ಇದು ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.)

ಮೊದಲ ಫೋನು ಎಚ್‌ಆರ್‌ಗೆ ಅಲ್ಲ, ಆ ಸೀನಿಯರ್‌ಗೆ. ನಿಮಗಾಗಿ ಮಾತಾಡಿದವರು ಅವರು. ಸುದ್ದಿ ಅವರಿಗೆ ಆಫೀಸಿನ ಕಾರಿಡಾರಿನಲ್ಲಿ ಬೇರೆಯವರಿಂದ ಗೊತ್ತಾದರೆ, ಮುಂದೆ ನಿಮ್ಮ ಹೆಸರು ಹೇಳಲು ಅವರು ಬಾಯಿ ತೆರೆಯುವುದಿಲ್ಲ. ಹಿಂದಿನ ದಿನ ಸಂಜೆ ಎರಡು ನಿಮಿಷ ಮಾತಾಡಿದರೆ ಸಾಕು.

ಮರುದಿನ ಬೆಳಿಗ್ಗೆ, ನಿಮ್ಮ ಸಂದರ್ಶನ ಮಾಡಿದ ಮ್ಯಾನೇಜರ್‌ಗೆ ಫೋನ್ ಮಾಡಿ. ಆಮೇಲೆ ಅವತ್ತೇ ಎಚ್‌ಆರ್‌ಗೆ ಮೇಲ್. ಐದನೇ ದಿನದವರೆಗೆ ಯಾಕೆ ಕಾಯಬಾರದು ಅಂದರೆ, ನಿಮ್ಮ ಹಿಂದೆ ಎರಡನೇ ಅಭ್ಯರ್ಥಿ ಒಬ್ಬರು ಇರುತ್ತಾರೆ, ಅವರಿಗೆ ಇನ್ನೂ ಇಲ್ಲ ಅಂತ ಹೇಳಿರುವುದಿಲ್ಲ. ಎರಡನೇ ದಿನ ನೀವು ತಿಳಿಸಿದರೆ ಮ್ಯಾನೇಜರ್ ಅವರನ್ನು ಕರೆದುಕೊಳ್ಳುತ್ತಾರೆ, ಕೆಲಸ ನಿಲ್ಲುವುದಿಲ್ಲ. ತಡಮಾಡಿದರೆ ಆ ವ್ಯಕ್ತಿ ಬೇರೆಡೆ ಸೇರಿಬಿಟ್ಟಿರುತ್ತಾರೆ, ಮತ್ತೆ ಜಾಹೀರಾತು, ಮತ್ತೆ ಸಂದರ್ಶನ. ಮ್ಯಾನೇಜರ್‌ಗೆ ಸಿಟ್ಟು ಬರುವುದು ನೀವು ಬರಲ್ಲ ಅಂದಿದ್ದಕ್ಕಲ್ಲ, ಈ ಮರುಸುತ್ತಿಗೆ.

ನನಗೆ ಇದು ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಇಪ್ಪತ್ತಾರರ ವಯಸ್ಸಿನಲ್ಲಿ ಒಂದು ಪತ್ರಿಕೆಯವರು ಕೆಲಸಕ್ಕೆ ಕರೆದಿದ್ದರು. ಹೋಗುವ ಮನಸ್ಸಿರಲಿಲ್ಲ, ಹೇಳಲು ಮುಜುಗರ, ಸುಮ್ನೆ ಫೋನ್ ಎತ್ತುವುದನ್ನೇ ಬಿಟ್ಟೆ. ಮೂರು ವರ್ಷದ ನಂತರ ಬೇರೆ ಕಡೆ ಸಂದರ್ಶನಕ್ಕೆ ಹೋದರೆ ಮೇಜಿನ ಆಚೆ ಅದೇ ಮನುಷ್ಯ! ಅವರು ನನಗೆ ಚಹಾ ತರಿಸಿದರು, ಕೆಲಸ ಕೊಡಲಿಲ್ಲ. ಮನೆಯಲ್ಲಿ ನಮ್ಮ ಸೋದರಮಾವ ಅಂದಿದ್ದು, "ಬರಾಂವ ಇದ್ರ ಬರ್ತೀನಿ ಅನ್ನು, ಇಲ್ಲಂದ್ರ ಇಲ್ಲ ಅನ್ನು, ಅದಕ್ಕೇನ್ ರೊಕ್ಕ ಬೀಳ್ತದೇನು?"

ಇನ್ನು ಕಾರಣ. ನಿಜವಾದ ಒಂದನ್ನೇ ಹೇಳಿ, ಅದೂ ಅವರ ಕೈಯಲ್ಲಿ ಸರಿಮಾಡಲು ಆಗದಂಥದ್ದು. ಮುಜುಗರಕ್ಕೆ "ಸಂಬಳ ಸ್ವಲ್ಪ ಕಡಿಮೆಯಾಯಿತು" ಅಂತ ಹೇಳಿದಿರಿ ಅಂದುಕೊಳ್ಳಿ. ಮರುದಿನ ಅವರು ಫೋನ್ ಮಾಡಿ, "ತಿಂಗಳಿಗೆ ಐದು ಸಾವಿರ ಜಾಸ್ತಿ ಮಾಡಿಸಿದ್ದೇನೆ, ಬನ್ನಿ" ಅನ್ನುತ್ತಾರೆ. ಮೇಲಿನವರ ಹತ್ತಿರ ಹೋಗಿ, ಕೇಳಿ, ಒಪ್ಪಿಸಿ ತಂದಿರುತ್ತಾರೆ. ಆಗ ನೀವು ಎರಡನೇ ಸಲ ಇಲ್ಲ ಅನ್ನಬೇಕು. ಬಾಗಿಲು ಮುಚ್ಚುವುದು ಬಹುತೇಕ ಆ ಎರಡನೇ ಇಲ್ಲಕ್ಕೆ. ಹೆಂಡತಿಯ ಓದನ್ನು ಸಂಬಳ ಹೆಚ್ಚಿಸಿ ಬೇಗ ಮುಗಿಸಲು ಆಗಲ್ಲ, ಅಲ್ವಾ? ಹಾಗಾಗಿ ನಿಮ್ಮ ಕಾರಣ ಗಟ್ಟಿ ಇದೆ, ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ.

"ಮುಂದೆ ಅವಕಾಶವಿದ್ದರೆ ನೆನಪಿಡಿ" ಅಂತ ಎಲ್ಲರೂ ಬರೆಯುತ್ತಾರೆ, ಯಾರೂ ನೆನಪಿಡುವುದಿಲ್ಲ. ಯಾವ ತಿಂಗಳಿಂದ ಬರಬಲ್ಲಿರಿ ಅನ್ನುವುದೇ ನಿಮಗೆ ಗೊತ್ತಿದೆ, ಅದನ್ನು ಬರೆಯಿರಿ. ಆದರೆ ಬಂದೇ ಬರ್ತೀನಿ ಅಂತ ಮಾತು ಕೊಡಬೇಡಿ, ಜಾಗ ಕಾದಿಡಿ ಅಂತಲೂ ಕೇಳಬೇಡಿ. ಮೇಲ್ ಇಷ್ಟಿದ್ದರೆ ಸಾಕು:

"ನಮಸ್ಕಾರ. ಆಫರ್ ಕೊಟ್ಟಿದ್ದಕ್ಕೆ ಧನ್ಯವಾದ. ಮನೆಯವರ ಓದು ಮುಂದಿನ ಜೂನ್‌ವರೆಗೆ ಕಲಬುರಗಿಯಲ್ಲಿ ಇರುವುದರಿಂದ ಈಗ ಊರು ಬದಲಿಸಲು ಆಗುತ್ತಿಲ್ಲ, ಹಾಗಾಗಿ ಈ ಆಫರ್ ಒಪ್ಪಿಕೊಳ್ಳಲಾರೆ. ಮ್ಯಾನೇಜರ್ ಅವರಿಗೂ ಫೋನಿನಲ್ಲಿ ತಿಳಿಸಿದ್ದೇನೆ. ಸಂದರ್ಶನದಲ್ಲಿ ಅವರು ಹೊಸ ಲ್ಯಾಬಿನ ಬಗ್ಗೆ ಹೇಳಿದ್ದು ನನಗೆ ಇಷ್ಟವಾಗಿತ್ತು. ಜುಲೈನಿಂದ ನಾನು ಹೈದರಾಬಾದಿಗೆ ಬರಬಲ್ಲೆ. ಏಪ್ರಿಲ್‌ನಲ್ಲಿ ನಾನೇ ಒಮ್ಮೆ ಬರೆದು ವಿಚಾರಿಸುತ್ತೇನೆ."

ಇಲ್ಲ ಅನ್ನುವುದು ಇದರಲ್ಲಿ ಸ್ಪಷ್ಟವಾಗಿದೆ ನೋಡಿ. "ಸ್ವಲ್ಪ ಕಷ್ಟ ಆಗಬಹುದು" ಅಂತ ಬರೆದರೆ ಎಚ್‌ಆರ್ ಅದನ್ನು ಚೌಕಾಸಿ ಅಂದುಕೊಳ್ಳುತ್ತಾರೆ. ಲ್ಯಾಬಿನ ಸಾಲು ಚಿಕ್ಕದು, ಆದರೆ ಅದನ್ನು ಓದಿದರೆ ಮ್ಯಾನೇಜರ್‌ಗೆ ನಿಮ್ಮ ಮುಖ ನೆನಪಾಗುತ್ತದೆ. ಅವರು ನಿಜವಾಗಿ ಹೇಳಿದ್ದನ್ನೇ ಹಾಕಿ. ಏಪ್ರಿಲ್ ಯಾಕೆ ಅಂದರೆ, ಈಗಿನ ಕಂಪನಿಯಲ್ಲಿ ಎರಡು ತಿಂಗಳು ನೋಟಿಸ್ ಇದ್ದರೆ ಜುಲೈಗೆ ಸೇರಲು ಆಗಲೇ ಮಾತು ಶುರುವಾಗಬೇಕು. ನೋಟಿಸ್ ಮೂರು ತಿಂಗಳಿದ್ದರೆ ಮಾರ್ಚ್ ಅಂತ ಬರೆಯಿರಿ.

ನೀವು ಕೇಳದ ಒಂದು ಮಾತು. ಈ ಆಫರ್ ಲೆಟರ್ ತೋರಿಸಿ ಕಡೇಚೂರಿನಲ್ಲಿ ಸಂಬಳ ಏರಿಸಿಕೊಳ್ಳೋಣ ಅಂತ ಅನಿಸಬಹುದು. ನಿಮ್ಮ ಲೈನಿನಲ್ಲಿ ಜನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತಲೇ ಇರುತ್ತಾರೆ, ಸುದ್ದಿ ಹೈದರಾಬಾದ್ ಮುಟ್ಟಲು ವಾರ ಸಾಕು. ಆಮೇಲೆ ಬಿ.ಎಡ್. ಕಾರಣವನ್ನು ಯಾರೂ ನಂಬುವುದಿಲ್ಲ.

ಏಪ್ರಿಲ್‌ನಲ್ಲಿ ಬರೆಯುವಾಗ ಹೊಸ ಮೇಲ್ ಶುರು ಮಾಡಬೇಡಿ, ಇದೇ ಹಳೇ ಮೇಲ್‌ಗೆ ರಿಪ್ಲೈ ಒತ್ತಿ. ಅಷ್ಟರಲ್ಲಿ ಎಚ್‌ಆರ್‌ನವರು ಬದಲಾಗಿರಬಹುದು, ಬಂದ ಹೊಸಬರಿಗೆ ಕಥೆಯೆಲ್ಲ ಕೆಳಗೇ ಸಿಗುತ್ತದೆ.