ಎಳೆತ ಇಳಿದರೆ ಸಾಲದು: ವಾಯುಕೋಶಗಳ ಕುರಿತ ಲೇಖನಕ್ಕೆ ಸಂಪಾದಕರ ಉತ್ತರ

"ಮಾನ್ಯ ಸಂಪಾದಕರೇ, ಶ್ವಾಸಕೋಶದ ಪುಟ್ಟ ವಾಯುಕೋಶಗಳು ದೊಡ್ಡವುಗಳೊಳಗೆ ಗಾಳಿ ಸುರಿದು ಮುದುಡಿಹೋಗದಿರಲು ಅವುಗಳ ಒಳಲೇಪದಲ್ಲಿರುವ ಸರ್ಫ್ಯಾಕ್ಟಂಟ್ ಎಂಬ ವಸ್ತು ಮೇಲ್ಮೈ ಎಳೆತವನ್ನು ಕಡಿಮೆ ಮಾಡುವುದೇ ಕಾರಣವೆಂದು ನನ್ನ ಲೇಖನದಲ್ಲಿ ವಿವರಿಸಿದ್ದೇನೆ. ಎರಡು ಬಲೂನುಗಳ ಚಿತ್ರವನ್ನೂ ಲಗತ್ತಿಸಿದ್ದೇನೆ. ಪ್ರಕಟಣೆಗೆ ಯೋಗ್ಯವೇ? ಇಲ್ಲದಿದ್ದರೆ ಎಲ್ಲಿ ಎಡವಿದ್ದೇನೆಂದು ನೇರವಾಗಿ ತಿಳಿಸಿ."

ಪ್ರಿಯ ಲೇಖಕರೇ,

ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಭಾಷೆ ಚೊಕ್ಕವಾಗಿದೆ, ಪೀಠಿಕೆಯೂ ಹಿತಮಿತವಾಗಿದೆ. ತೊಡಕಿರುವುದು ಲೇಖನದ ನಡುಭಾಗದಲ್ಲಿ: ನೀವು ಕೇಳಿದ ಪ್ರಶ್ನೆಗೆ ನೀವು ಕೊಟ್ಟ ಉತ್ತರ ಹೊಂದುವುದಿಲ್ಲ. ಇದನ್ನು ನಿಮ್ಮದೇ ಸೂತ್ರದಿಂದ ತೋರಿಸುತ್ತೇನೆ.

ಗೋಳಾಕಾರದ, ಒಳಗೆ ತೆಳುವಾದ ದ್ರವದ ಲೇಪವಿರುವ ಕೋಶವೊಂದನ್ನು ತೆರೆದಿಡಲು ಬೇಕಾದ ಒತ್ತಡವನ್ನು P = 2T/r ಎಂದು ನೀವು ಸರಿಯಾಗಿಯೇ ಬರೆದಿದ್ದೀರಿ; ಇಲ್ಲಿ T ಮೇಲ್ಮೈ ಎಳೆತ, r ತ್ರಿಜ್ಯ. ಎರಡು ಕೋಶಗಳನ್ನು ತೆಗೆದುಕೊಳ್ಳೋಣ. ಒಂದರ ತ್ರಿಜ್ಯ 50 ಮೈಕ್ರೋಮೀಟರ್, ಇನ್ನೊಂದರದು 100. ಲೇಪ ಬರೀ ನೀರಾಗಿದ್ದರೆ ದೇಹದ ಉಷ್ಣತೆಯಲ್ಲಿ ಅದರ ಎಳೆತ ಮೀಟರಿಗೆ ಸುಮಾರು 70 ಮಿಲಿನ್ಯೂಟನ್. ಆಗ ಸಣ್ಣ ಕೋಶಕ್ಕೆ ಬೇಕಾಗುವ ಒತ್ತಡ 2800 ಪ್ಯಾಸ್ಕಲ್, ದೊಡ್ಡದಕ್ಕೆ 1400. ಇಲ್ಲಿಯವರೆಗೆ ನಮ್ಮಿಬ್ಬರ ಲೆಕ್ಕ ಒಂದೇ. ಈಗ ನೀವು ಹೇಳುವಂತೆ ಸರ್ಫ್ಯಾಕ್ಟಂಟ್ ಬಂದು ಎಳೆತವನ್ನು 25ಕ್ಕೆ ಇಳಿಸಿತು ಎನ್ನಿ. ಸಣ್ಣದಕ್ಕೆ 1000 ಪ್ಯಾಸ್ಕಲ್, ದೊಡ್ಡದಕ್ಕೆ 500. ಅಂಕಿಗಳು ಇಳಿದವು, ಆದರೆ ಸಣ್ಣದಕ್ಕೆ ದೊಡ್ಡದರ ಎರಡರಷ್ಟು ಒತ್ತಡ ಬೇಕೆಂಬುದು ಹಾಗೆಯೇ ಉಳಿಯಿತು. ಎಳೆತವನ್ನು 5ಕ್ಕೆ ಇಳಿಸಿದರೂ ಅನುಪಾತ ಬದಲಾಗದು. ಎಳೆತ ಎಷ್ಟೇ ಕಡಿಮೆಯಿರಲಿ, ಅದು ಎರಡೂ ಕಡೆ ಒಂದೇ ಆಗಿ, ಸ್ಥಿರವಾಗಿ ಇರುವವರೆಗೆ ಸಣ್ಣ ಕೋಶ ದೊಡ್ಡದರೊಳಗೆ ಖಾಲಿಯಾಗಲೇಬೇಕು. ಕಡಿಮೆ ಎಳೆತದಿಂದ ಉಸಿರೆಳೆಯುವ ಶ್ರಮ ತಗ್ಗುತ್ತದೆ ಎಂಬ ನಿಮ್ಮ ಮಾತು ನಿಜ, ಆದರೆ ಅದು ಬೇರೆಯೇ ಪ್ರಶ್ನೆಗೆ ಉತ್ತರ.

ಇದೇ ಪ್ಯಾರಾದಲ್ಲಿ ಇನ್ನೊಂದು ಸಡಿಲಿಕೆಯಿದೆ. "ಸಣ್ಣ ಕೋಶದೊಳಗಿನ ಗಾಳಿಯ ಒತ್ತಡ ಹೆಚ್ಚು" ಎಂದು ನೀವು ಬರೆದಿದ್ದೀರಿ. ಗಾಳಿ ಹರಿಯದಿರುವ ಕ್ಷಣದಲ್ಲಿ ಒಂದೇ ನಾಳಕ್ಕೆ ತೆರೆದುಕೊಂಡಿರುವ ಎಲ್ಲ ಕೋಶಗಳ ಒಳಗಿನ ಒತ್ತಡ ಒಂದೇ ಆಗಿರುತ್ತದೆ. ಸೂತ್ರ ಕೊಡುವುದು ಒಳಗಿರುವ ಒತ್ತಡವನ್ನಲ್ಲ, ಆ ಗಾತ್ರದಲ್ಲಿ ಕೋಶ ನಿಲ್ಲಬೇಕಾದರೆ ಒಳಗೂ ಹೊರಗೂ ಇರಬೇಕಾದ ಒತ್ತಡದ ವ್ಯತ್ಯಾಸವನ್ನು. ಸಾಮಾನ್ಯವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಶ್ವಾಸಕೋಶವನ್ನು ಹಿಗ್ಗಿಸಿ ಹಿಡಿದಿರುವ ವ್ಯತ್ಯಾಸ ಸುಮಾರು 500 ಪ್ಯಾಸ್ಕಲ್ ಮಾತ್ರ. 1000 ಬೇಡುವ ಕೋಶಕ್ಕೆ 500 ಸಿಕ್ಕರೆ ಅದು ಕುಗ್ಗತೊಡಗುತ್ತದೆ. ಕುಗ್ಗಿದಷ್ಟೂ ಅದರ ಬೇಡಿಕೆ ಇನ್ನಷ್ಟು ಏರುತ್ತದೆ, ಅದರ ಗಾಳಿ ಪಕ್ಕದ ದೊಡ್ಡದಕ್ಕೆ ಸರಿಯುತ್ತದೆ. ತಾನಾಗಿ ನಿಲ್ಲದ ಈ ಜಾರುವಿಕೆಯನ್ನು ತಡೆಯುವುದು ಯಾವುದೆಂಬುದೇ ನಿಮ್ಮ ಲೇಖನದ ಪ್ರಶ್ನೆಯಾಗಬೇಕಿತ್ತು.

ಉತ್ತರ ಅಡಗಿರುವುದು T ಸ್ಥಿರವಲ್ಲ ಎಂಬುದರಲ್ಲಿ. ಕೋಶ ಕುಗ್ಗಿದಾಗ ಅದರ ಲೇಪದ ಮೇಲ್ಮೈ ಎಳೆತವೂ ಕುಸಿಯುತ್ತದೆ, ಮತ್ತು ತ್ರಿಜ್ಯಕ್ಕಿಂತ ವೇಗವಾಗಿ ಕುಸಿಯುತ್ತದೆ. ಸೂತ್ರವನ್ನೇ ನೋಡಿ: r ನೂರಕ್ಕೆ ಒಂದರಷ್ಟು ಇಳಿದಾಗ T ನೂರಕ್ಕೆ ಒಂದಕ್ಕಿಂತ ಹೆಚ್ಚು ಇಳಿದರೆ, P ಏರುವ ಬದಲು ಇಳಿಯುತ್ತದೆ. ಇಡೀ ಸ್ಥಿರತೆ ನಿಂತಿರುವುದು ಈ ಒಂದು ಷರತ್ತಿನ ಮೇಲೆ.

ಮೇಲಿನ ಜೋಡಿಯನ್ನೇ ಮುಂದುವರಿಸೋಣ. ಎರಡೂ ಕೋಶಗಳ ಎಳೆತ ಆರಂಭದಲ್ಲಿ 25. ಸಣ್ಣದು ಕುಗ್ಗತೊಡಗಿತು. ಅದರ ತ್ರಿಜ್ಯ 50ರಿಂದ 46ಕ್ಕೆ ಬಂದಾಗ ಮೇಲ್ಮೈ ವಿಸ್ತೀರ್ಣ ಸುಮಾರು ನೂರಕ್ಕೆ 15ರಷ್ಟು ಕಿರಿದಾಗಿರುತ್ತದೆ. ಒಳ್ಳೆಯ ಸರ್ಫ್ಯಾಕ್ಟಂಟ್ ಪೊರೆಯನ್ನು ಇಷ್ಟು ಹಿಂಡಿದಾಗ ಎಳೆತ 11ರ ಸುಮಾರಿಗೆ ಇಳಿದಿದೆ ಎಂದಿಟ್ಟುಕೊಳ್ಳಿ. ನೂರಕ್ಕೆ 20ರಷ್ಟು ಹಿಂಡಿದರೆ ಅದು ಐದಕ್ಕೂ ಕೆಳಗೆ ಹೋಗಬಲ್ಲದಾದ್ದರಿಂದ ಇದು ಅತಿಶಯವೇನಲ್ಲ. ಈಗ ಸಣ್ಣ ಕೋಶಕ್ಕೆ ಬೇಕಾದ ಒತ್ತಡ 1000 ಅಲ್ಲ, ಸುಮಾರು 480 ಪ್ಯಾಸ್ಕಲ್. ಸಣ್ಣದು ಬಿಟ್ಟುಕೊಟ್ಟ ಅಷ್ಟೂ ಗಾಳಿ ದೊಡ್ಡದಕ್ಕೆ ಹೋದರೂ ಅದರ ತ್ರಿಜ್ಯ ಹೆಚ್ಚುವುದು 1 ಮೈಕ್ರೋಮೀಟರ್‌ನ ಆಸುಪಾಸು ಮಾತ್ರ. ಅದರ ಪೊರೆ ಕೊಂಚ ಹಿಗ್ಗಿ ಎಳೆತ ತುಸು ಏರಿರುವುದರಿಂದ ಅದರ ಬೇಡಿಕೆ 500ನ್ನು ದಾಟಿರುತ್ತದೆ. ಇನ್ನು ಗಾಳಿ ಹರಿಯುವುದಾದರೆ ದೊಡ್ಡದರಿಂದ ಸಣ್ಣದಕ್ಕೆ ಹರಿಯಬೇಕು. ಎರಡು ಕೋಶಗಳೂ ಬೇರೆ ಬೇರೆ ಗಾತ್ರದಲ್ಲಿಯೇ, ಒಂದೇ ಒತ್ತಡದಲ್ಲಿ ನಿಂತುಬಿಡುತ್ತವೆ.

ಗಮನಿಸಿ, "ಸಣ್ಣ ಕೋಶದಲ್ಲಿ ಎಳೆತ ಕಡಿಮೆ" ಎಂದು ಬರೆದುಬಿಟ್ಟರೂ ತಪ್ಪೇ. ಹುಟ್ಟಿನಿಂದಲೇ ಚಿಕ್ಕದಾದ ಕೋಶದಲ್ಲಿಯೂ ಪೊರೆ ಸಾವಕಾಶವಾಗಿ ಹರಡಿಕೊಂಡರೆ ಎಳೆತ ದೊಡ್ಡದರಷ್ಟೇ ಇರುತ್ತದೆ. ಗಾತ್ರ ಸಣ್ಣದೆಂದು ಎಳೆತ ಇಳಿಯುವುದಿಲ್ಲ, ಸಣ್ಣದಾಗುತ್ತಿರುವಾಗ ಇಳಿಯುತ್ತದೆ. ಕರಡನ್ನು ತಿದ್ದುವಾಗ ಈ ಒಂದು ವಾಕ್ಯದ ಮೇಲೆ ಹೆಚ್ಚು ಹೊತ್ತು ಕೂರಿ.

ಹೀಗೇಕೆ ಇಳಿಯುತ್ತದೆ ಎಂಬುದಕ್ಕೆ ನೀವು ಒಂದು ಸಾಲನ್ನೂ ಕೊಟ್ಟಿಲ್ಲ. ಓದುಗ ಕೇಳುವುದೇ ಅದನ್ನು. ಮಾರ್ಜಕವನ್ನು ನೀರಿಗೆ ಬೆರೆಸಿದರೂ ಎಳೆತ 30ರ ಹತ್ತಿರಕ್ಕೆ ಇಳಿಯುತ್ತದೆ, ಆದರೆ ಆ ಮೇಲ್ಮೈಯನ್ನು ಹಿಂಡಿದರೆ ಮಾರ್ಜಕದ ಅಣುಗಳು ಕೆಳಗಿನ ನೀರಿಗೆ ಇಳಿದು ತಪ್ಪಿಸಿಕೊಳ್ಳುತ್ತವೆ, ಹಿಗ್ಗಿಸಿದರೆ ಮರಳಿ ಮೇಲೆ ಬರುತ್ತವೆ. ಹಾಗಾಗಿ ಎಳೆತ ಇದ್ದಲ್ಲಿಯೇ ಇರುತ್ತದೆ. ಶ್ವಾಸಕೋಶದ ಸರ್ಫ್ಯಾಕ್ಟಂಟ್‌ನ ಮುಖ್ಯ ಅಂಶ ಡೈಪಾಲ್ಮಿಟೈಲ್ ಫಾಸ್ಫಟೈಡಿಲ್‌ಕೋಲೀನ್ ಎಂಬ ಕೊಬ್ಬು. ಅದರ ಎರಡು ಬಾಲಗಳೂ 16 ಇಂಗಾಲದ, ಬಾಗದ ನೇರ ಸರಪಳಿಗಳು. ತಲೆ ನೀರಿನಲ್ಲಿ, ಬಾಲಗಳು ಗಾಳಿಯತ್ತ. ಈ ಅಣು ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ ಮೇಲ್ಮೈ ಕಿರಿದಾದಾಗ ಕೆಳಗಿಳಿದು ಓಡಿಹೋಗಲು ಅದಕ್ಕೆ ದಾರಿಯಿಲ್ಲ. ಸರಪಳಿಗಳು ಒತ್ತೊತ್ತಾಗಿ ನಿಲ್ಲುತ್ತವೆ. ಶುದ್ಧ ರೂಪದಲ್ಲಿ ಇದರ ಬಾಲಗಳು ಸಡಿಲಗೊಳ್ಳುವುದು 41 ಡಿಗ್ರಿ ಸೆಲ್ಸಿಯಸ್‌ನಲ್ಲಿ. ದೇಹದ 37 ಡಿಗ್ರಿಯಲ್ಲಿ ಬಿಗಿಯಾಗಿ ಹಿಂಡಿದ ಪೊರೆ ಬಹುಮಟ್ಟಿಗೆ ಘನದಂತೆ ವರ್ತಿಸುತ್ತದೆ. ನೀರಿನ ಅಣುಗಳು ಮೇಲ್ಮೈಯಲ್ಲಿ ಪರಸ್ಪರ ಎಳೆಯಲು ಜಾಗವೇ ಉಳಿಯದಂತಾಗಿ ಎಳೆತ ಸೊನ್ನೆಯ ಸಮೀಪಕ್ಕೆ ಬರುತ್ತದೆ. ಆದರೆ ಬರೀ ಈ ಕೊಬ್ಬಿನಿಂದ ಕೆಲಸ ಸಾಗದು. ಅದು ತಾನಾಗಿ ಹರಡಿಕೊಳ್ಳುವುದು ಬಹಳ ನಿಧಾನ. ಉಸಿರಿನ ವೇಗಕ್ಕೆ ಅದನ್ನು ಮೇಲ್ಮೈಗೆ ತಂದು ಹರಡಲು ಸರ್ಫ್ಯಾಕ್ಟಂಟ್‌ನ ಪ್ರೋಟೀನುಗಳು ಬೇಕು.

ಚರಿತ್ರೆಯ ಭಾಗದಲ್ಲಿ ನೀವು 1929ರ ಫಾನ್ ನೀರ್‌ಗಾರ್ಡ್ ಪ್ರಯೋಗದಲ್ಲಿಯೇ ನಿಂತುಬಿಟ್ಟಿದ್ದೀರಿ. ಶ್ವಾಸಕೋಶವನ್ನು ಗಾಳಿಯ ಬದಲು ದ್ರವದಿಂದ ತುಂಬಿಸಿದರೆ ತುಂಬ ಕಡಿಮೆ ಒತ್ತಡ ಸಾಕು ಎಂದು ತೋರಿಸಿದ ಅದು ಮೇಲ್ಮೈಯ ಪಾತ್ರವನ್ನು ಬೆಳಕಿಗೆ ತಂದಿತು, ಅಷ್ಟೇ. ನಿಮ್ಮ ಪ್ರಶ್ನೆಗೆ ನಿಜವಾಗಿ ಬೇಕಾಗಿರುವವು ಮುಂದಿನ ಎರಡು. 1955ರಲ್ಲಿ ಪ್ಯಾಟಲ್, ಶ್ವಾಸಕೋಶದಿಂದ ಬಂದ ನೊರೆಯ ಸೂಕ್ಷ್ಮ ಗುಳ್ಳೆಗಳು ಗಾಳಿಯಿಂದ ಪರ್ಯಾಪ್ತವಾದ ನೀರಿನಲ್ಲಿ ಕುಗ್ಗದೆ ಬಹುಕಾಲ ಉಳಿಯುವುದನ್ನು ಕಂಡರು. ಸಾಮಾನ್ಯ ಗುಳ್ಳೆಯಾದರೆ 2T/r ಒತ್ತಡಕ್ಕೆ ಸಿಕ್ಕಿ ಅದರ ಗಾಳಿ ನೀರಿಗೆ ಕರಗಿಹೋಗಬೇಕಿತ್ತು; ಉಳಿಯಿತೆಂದರೆ T ಸೊನ್ನೆಯ ಹತ್ತಿರ ಬಂದಿದೆ ಎಂದು ಅವರು ತರ್ಕಿಸಿದರು. 1957ರಲ್ಲಿ ಕ್ಲೆಮೆಂಟ್ಸ್ ಶ್ವಾಸಕೋಶದ ಸಾರವನ್ನು ತಟ್ಟೆಯೊಂದರಲ್ಲಿ ಹಾಕಿ, ಸರಿಯುವ ತಡೆಯಿಂದ ಮೇಲ್ಮೈಯನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಎಳೆತವನ್ನು ಅಳೆದರು. ವಿಸ್ತೀರ್ಣದೊಡನೆ ಎಳೆತ ಬದಲಾಗುವುದು ಅಲ್ಲಿ ನೇರವಾಗಿ ಕಂಡಿತು. ನಿಮ್ಮ ಲೇಖನದ ತಿರುವು ಇಲ್ಲಿಗೆ ಬರಬೇಕು.

ಬಲೂನುಗಳ ಚಿತ್ರವನ್ನು ಕೈಬಿಡಿ. ರಬ್ಬರಿನ ಗೋಡೆಯ ಎಳೆತ ಹಿಗ್ಗಿದಷ್ಟೂ ತನ್ನದೇ ನಿಯಮದಂತೆ ಬದಲಾಗುತ್ತದೆ, ದ್ರವದ ಮೇಲ್ಮೈಯಂತಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಚಿತ್ರ ಕೋಶಗಳನ್ನು ಕೊಳವೆಯ ತುದಿಗಳಲ್ಲಿ ಒಂಟಿಯಾಗಿ ತೂಗುಬಿಡುತ್ತದೆ. ನಿಜವಾದ ವಾಯುಕೋಶಗಳು ಬಹುಭುಜಾಕೃತಿಯವು, ಒಂದರ ಗೋಡೆಯೇ ಪಕ್ಕದ್ದರ ಗೋಡೆ. ಒಂದು ಕುಗ್ಗಲು ಹೊರಟರೆ ಸುತ್ತಲಿನವುಗಳ ಗೋಡೆಗಳು ಹಿಗ್ಗಿ ಅದನ್ನು ಹೊರಕ್ಕೆ ಜಗ್ಗುತ್ತವೆ. 1970ರಲ್ಲಿ ಮೀಡ್, ತಕಿಶಿಮಾ ಮತ್ತು ಲೀತ್ ಈ ಪರಸ್ಪರ ಆಸರೆಯನ್ನು ಲೆಕ್ಕಹಾಕಿ ತೋರಿಸಿದರು. ಆದ್ದರಿಂದ ಸರ್ಫ್ಯಾಕ್ಟಂಟ್ ಒಂದೇ ಕಾರಣವೆಂಬ ನಿಮ್ಮ ಶೀರ್ಷಿಕೆ ಗಟ್ಟಿಯಾಗಿ ನಿಲ್ಲುವುದಿಲ್ಲ. ನಾನು ಮೇಲೆ ಮಾಡಿದ ಎರಡು ಗೋಳಗಳ ಲೆಕ್ಕವೂ ತತ್ತ್ವವನ್ನು ತಿಳಿಸಲು ಸಾಕೇ ಹೊರತು ಅಂಗಾಂಶದ ನಿಜಚಿತ್ರವಲ್ಲ ಎಂಬುದನ್ನು ಓದುಗರಿಗೆ ಹೇಳಿಬಿಡಿ.

ಆದರೂ ಆಸರೆಯಷ್ಟೇ ಸಾಲದೆಂಬುದಕ್ಕೆ ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಶ್ವಾಸಕೋಶವೇ ಸಾಕ್ಷಿ. ನೀವು ಅದನ್ನು ಕೊನೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿದ್ದೀರಿ, ಅದನ್ನು ಬಿಡಿಸಿ ಬರೆಯಿರಿ. 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಮೀಡ್, ಹಯಾಲಿನ್ ಪೊರೆಯ ಕಾಯಿಲೆ ಎಂಬ ಉಸಿರಾಟದ ತೊಂದರೆಯಿಂದ ತೀರಿಕೊಂಡ ಶಿಶುಗಳ ಶ್ವಾಸಕೋಶದ ಸಾರವನ್ನು ಹಿಂಡಿದಾಗಲೂ ಎಳೆತ ಇಳಿಯಬೇಕಾದಷ್ಟು ಇಳಿಯದಿರುವುದನ್ನು ತೋರಿಸಿದರು. ಅಂಥ ಶ್ವಾಸಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲ ಕೋಶಗಳೂ ಸಮನಾಗಿ ಕುಗ್ಗಿರುವುದಿಲ್ಲ. ಮುದುಡಿದ ಕೋಶಗಳ ಪಕ್ಕದಲ್ಲಿಯೇ ಅತಿಯಾಗಿ ಹಿಗ್ಗಿದ ಗಾಳಿನಾಳಗಳು ಕಾಣುತ್ತವೆ. ನಿಮ್ಮ ಸೂತ್ರ ಮುನ್ನುಡಿದ ಜಾರುವಿಕೆ ಅಲ್ಲಿ ಕಣ್ಣಿಗೇ ಬೀಳುತ್ತದೆ. 1980ರಲ್ಲಿ ಜಪಾನಿನ ವೈದ್ಯರು ಹಸುವಿನ ಶ್ವಾಸಕೋಶದಿಂದ ತಯಾರಿಸಿದ ಸರ್ಫ್ಯಾಕ್ಟಂಟನ್ನು ಇಂಥ ಶಿಶುಗಳ ಶ್ವಾಸನಾಳಕ್ಕೆ ಹಾಕಿ ಉಸಿರಾಟ ಸುಧಾರಿಸಿದ್ದನ್ನು ವರದಿ ಮಾಡಿದರು.

ವಯಸ್ಕರಲ್ಲಿ ತೊಂದರೆ ಬರುವ ದಾರಿ ಬೇರೆ. ತೀವ್ರ ಗಾಯ ಅಥವಾ ಸೋಂಕಿನಲ್ಲಿ ರಕ್ತದ್ರವದ ಪ್ರೋಟೀನುಗಳು ಕೋಶದೊಳಗೆ ಸೋರಿ ಮೇಲ್ಮೈಯ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಆಗ ಸರ್ಫ್ಯಾಕ್ಟಂಟ್ ಇದ್ದರೂ ಹಿಂಡಿದಾಗ ಎಳೆತ ಕುಸಿಯುವ ಗುಣ ಕೆಡುತ್ತದೆ. ಇದನ್ನು ಒಂದೆರಡು ವಾಕ್ಯದಲ್ಲಿ ಹೇಳಿದರೆ ಸಾಕು.

ಹೀಗೆ ಮಾಡಿ: ಮೂರನೆಯ ಪ್ಯಾರಾವನ್ನು ಪೂರ್ತಿ ತೆಗೆದು ಅಲ್ಲಿ 25ರ ಲೆಕ್ಕವನ್ನು ಇಡಿ, ಅದು ಸೋಲುವುದನ್ನು ಓದುಗ ತಾನೇ ಕಾಣಲಿ, ನಂತರವೇ ಎಳೆತದ ಬದಲಾವಣೆಯನ್ನು ತನ್ನಿ. ಬಲೂನುಗಳ ಬದಲಿಗೆ ಹಂಚಿಕೊಂಡ ಗೋಡೆಗಳ ಚಿತ್ರವೊಂದು ಇರಲಿ. ಏಳನೆಯ ಪ್ಯಾರಾದಲ್ಲಿ ಉಸಿರಾಟದ ಮಹತ್ವದ ಬಗ್ಗೆ ಬರೆದಿರುವುದು ಬೇಡ. ತಿದ್ದಿದ ಕರಡನ್ನು ಕಳುಹಿಸಿ, ಮತ್ತೆ ಓದುತ್ತೇನೆ.

ಇಂತಿ,
ಸಂಪಾದಕ