ಮೂರೂವರೆಯಿಂದ ಆರೂವರೆ: ಮನೆ ಬಿಡುವ ಮೊದಲು ಹಾಕಿದ ಲೆಕ್ಕ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಲು ಸುಮಾ ನನ್ನ ಬಳಿ ಮೊದಲ ಸಲ ಬಂದಾಗಲೇ ಗಂಡನ ಮನೆ ಬಿಡುವ ತೀರ್ಮಾನ ಮಾಡಿಕೊಂಡು ಬಂದಿದ್ದರು. "ಈ ತಿಂಗಳ ಕೊನೆಗೆ ಮಕ್ಕಳನ್ನ ಕರ್ಕೊಂಡು ಅಕ್ಕನ ಮನೆಗೆ ಹೋಗ್ತೀನಿ ಮೇಡಂ. ಅಲ್ಲಿಂದ ಬಾಡಿಗೆ ಮನೆ ನೋಡ್ತೀನಿ" ಎಂದರು. ವಯಸ್ಸು 36. ಮಗಳಿಗೆ 9 ವರ್ಷ, ಮಗನಿಗೆ 4. ದಿನಕ್ಕೆ ಐದು ಗಂಟೆಯ ಕೆಲಸ. ಗಂಡ ಹೆಂಡತಿ ನಡುವೆ ನೆಟ್ಟಗೆ ಮಾತು ನಿಂತು ವರ್ಷಗಳೇ ಆಗಿದ್ದವು.

ಹೋಗಬೇಕೋ ಬೇಡವೋ ಎಂಬುದನ್ನು ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ ಮೊದಲೇ ಕೇಳಲೇಬೇಕು, ಅದೂ ಅವರು ಒಬ್ಬರೇ ಇರುವಾಗ. ಗಂಡ ಕೈ ಮಾಡುತ್ತಾರಾ? ಕುತ್ತಿಗೆ ಹಿಡಿದದ್ದು ಇದೆಯಾ? ಎಲ್ಲಿ ಹೋದಿರಿ ಎಂದು ಬೆನ್ನು ಹತ್ತುತ್ತಾರಾ? ಹೊಡೆತ ಬೆದರಿಕೆ ಇರುವ ಮನೆಯಲ್ಲಿ, ಬಿಟ್ಟು ಹೋಗುವ ಹೊತ್ತೇ ಅಪಾಯ ಜಾಸ್ತಿ ಇರುವ ಹೊತ್ತು. ಅಲ್ಲಿ ಮಾತುಕತೆ, ತಿಂಗಳುಗಟ್ಟಲೆ ತಯಾರಿ ಎಲ್ಲ ನಡೆಯುವುದಿಲ್ಲ. ಮೊದಲು ಸುರಕ್ಷಿತ ಜಾಗ, ಆಮೇಲೆ ಉಳಿದದ್ದು. ಸುಮಾ ಅವರ ಮನೆಯಲ್ಲಿ ಅದು ಇರಲಿಲ್ಲ. ಇದ್ದದ್ದು ಹೀಯಾಳಿಕೆ, ಮೌನ, ದುಡ್ಡಿನ ವ್ಯವಹಾರವೆಲ್ಲ ಗಂಡನ ಕೈಯಲ್ಲಿ. ಹಾಗಾಗಿ ನಮಗೆ ಯೋಚಿಸಲು ಸಮಯವಿತ್ತು. ಮುಂದೆ ಹೇಳುವುದೆಲ್ಲ ಅಂಥ ಮನೆಗೆ ಮಾತ್ರ ಹೊಂದುತ್ತದೆ.

ಅವರು ಬಾಡಿಗೆಯ ಲೆಕ್ಕ ಬರೆದುಕೊಂಡು ಬಂದಿದ್ದರು. ಕೆಲಸವನ್ನು ಎಂಟು ಗಂಟೆಗೆ ಹೆಚ್ಚಿಸಿಕೊಂಡರೆ ಸಂಬಳ ಸಾಲುತ್ತದೆ ಎಂಬುದು ಅವರ ಎಣಿಕೆ. ನಾನು ಆ ಹಾಳೆಯನ್ನು ಪಕ್ಕಕ್ಕಿಟ್ಟು ಬೇರೆ ಹಾಳೆ ಕೊಟ್ಟೆ. ಏಳು ದಿನ, ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಗಂಟೆಗೊಂದು ಚೌಕ. ಆ ಹೊತ್ತಿನಲ್ಲಿ ಮಕ್ಕಳು ಎಲ್ಲಿರುತ್ತಾರೆ, ಅವರ ಜೊತೆ ಯಾರಿರುತ್ತಾರೆ, ಇಷ್ಟೇ ಬರೆಯಬೇಕು. ಮೊದಲು ಈಗಿನ ವಾರ, ಆಮೇಲೆ ಬೇರೆಯಾದ ಮೇಲಿನ ವಾರ.

ಎರಡನೇ ಭೇಟಿಗೆ ತಂದ, ಬೇರೆಯಾದ ಮೇಲಿನ ವಾರದ ಹಾಳೆಯಲ್ಲಿ ಮೂರೂವರೆಯಿಂದ ಆರೂವರೆವರೆಗೆ ಐದು ದಿನವೂ ಚೌಕಗಳು ಖಾಲಿ. ಶಾಲೆ ಮೂರೂವರೆಗೆ ಬಿಡುತ್ತದೆ. ಎಂಟು ಗಂಟೆ ಕೆಲಸ ಮಾಡಿದರೆ ಇವರು ಮನೆ ಸೇರುವುದು ಆರೂವರೆಗೆ. ಸಂಬಳ ಹೆಚ್ಚಿಸುವ ಕೆಲಸವೇ ಮಕ್ಕಳನ್ನು ನೋಡಿಕೊಳ್ಳುವವರಿಲ್ಲದ ಮೂರು ಗಂಟೆಯನ್ನೂ ಹುಟ್ಟಿಸುತ್ತಿತ್ತು. ಆ ಹೊತ್ತಿಗೆ ದುಡ್ಡು ಕೊಟ್ಟು ಯಾರನ್ನಾದರೂ ಇಟ್ಟುಕೊಂಡರೆ ಹೆಚ್ಚಿದ ಸಂಬಳದ ಬಹುಪಾಲು ಅಲ್ಲಿಗೇ ಹೋಗುತ್ತದೆ. ಅಕ್ಕನ ಮನೆ ಶಾಲೆಯಿಂದ ಒಂದು ಗಂಟೆಯ ದೂರ ಎಂಬುದೂ ಆಗಲೇ ಕಂಡದ್ದು. ಬಾಡಿಗೆಯನ್ನು ದುಡ್ಡಲ್ಲಿ ಲೆಕ್ಕ ಹಾಕುತ್ತೇವೆ. ಮನೆ ಎಲ್ಲಿರಬೇಕು ಅನ್ನುವುದನ್ನು ಮಾತ್ರ ಗಂಟೆಗಳಲ್ಲಿ ಲೆಕ್ಕ ಹಾಕಬೇಕು.

ಈಗಿನ ವಾರದ ಹಾಳೆ ನೋಡಿದೆ. ಬೆಳಗ್ಗೆ ಏಳರಿಂದ ಎಂಟೂವರೆವರೆಗಿನ ಚೌಕದಲ್ಲಿ ನಾಲ್ಕು ದಿನ 'ಅವರಪ್ಪ' ಎಂದಿತ್ತು. ಮಕ್ಕಳನ್ನು ತಯಾರು ಮಾಡಿ ಶಾಲೆಗೆ ಬಿಡುವುದು ಗಂಡನೇ. ಹೊಸ ವಾರದ ಹಾಳೆಯಲ್ಲಿ ಅವರ ಸುಳಿವೇ ಇರಲಿಲ್ಲ. "ಅವರನ್ನ ಬಿಟ್ಟು ಹೋಗ್ತಾ ಇದೀನಲ್ಲ" ಎಂದರು. ಮದುವೆ ಬಿಡುವುದು ಬೇರೆ, ಮಕ್ಕಳ ವಾರದಿಂದ ಅಪ್ಪನನ್ನು ತೆಗೆಯುವುದು ಬೇರೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಹೇಳಿದರು: ಅವರು ಬೆಳಗಿನ ಕೆಲಸ ಮುಂದುವರಿಸಿದರೆ ನಾನು ಏಳಕ್ಕೇ ಕೆಲಸಕ್ಕೆ ಹೋಗಿ ಮೂರಕ್ಕೆ ಹೊರಡಬಹುದು, ಅಲ್ವಾ? ಕೇಳಿದಾಗ ಆಫೀಸಿನವರೂ ಒಪ್ಪಿದರು. ಹೀಗೆ ಮನೆ ಎಲ್ಲಿರಬೇಕು ಎಂಬುದು ತಾನಾಗಿಯೇ ಗೊತ್ತಾಯಿತು. ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ಅಪ್ಪನ ಮನೆಯಿಂದಲೂ ದೂರವಿಲ್ಲದ ಜಾಗ. ಎರಡು ಕೋಣೆಯ ಬದಲು ಒಂದೇ ಕೋಣೆಯ ಮನೆ ಸಿಕ್ಕರೂ ಸರಿ.

ದುಡ್ಡಿನ ಲೆಕ್ಕವನ್ನು ಎರಡು ಸಲ ಮಾಡಿಸಿದೆ. ಗಂಡ ಮಕ್ಕಳ ಖರ್ಚಿಗೆ ಕೊಡುತ್ತಾರೆ ಎಂದುಕೊಂಡು ಒಂದು, ಮೊದಲ ಆರು ತಿಂಗಳು ಏನೂ ಬರುವುದಿಲ್ಲ ಎಂದುಕೊಂಡು ಇನ್ನೊಂದು. ಒಪ್ಪಂದವಾಗಲಿ ಕೋರ್ಟಿನ ಆದೇಶವಾಗಲಿ ಬರಲು ಸಮಯ ಹಿಡಿಯುತ್ತದೆ. ಬಾಡಿಗೆ ಅಷ್ಟು ದಿನ ಕಾಯುವುದಿಲ್ಲ. ನಂತರ ಒಂದು ಪರೀಕ್ಷೆ ಹೇಳಿದೆ. ಅದೇ ಮನೆಯಲ್ಲಿ ಇರುವಾಗಲೇ ಪ್ರತಿ ತಿಂಗಳು ಮುಂದಿನ ಬಾಡಿಗೆಯಷ್ಟು ಹಣ ಬೇರೆ ಖಾತೆಗೆ ಹಾಕಿ, ಉಳಿದದ್ದರಲ್ಲೇ ತಮ್ಮ ಮತ್ತು ಮಕ್ಕಳ ಖರ್ಚು ತೂಗಿಸಿ ನೋಡಬೇಕು. ಮೊದಲ ತಿಂಗಳು ನಡೆಯಿತು. ಎರಡನೇ ತಿಂಗಳು ಮಗನಿಗೆ ಜ್ವರ, ಮಗಳಿಗೆ ಹೊಸ ಶೂ. ಎತ್ತಿಟ್ಟಿದ್ದರಲ್ಲಿ ಮೂರನೇ ಒಂದು ಭಾಗ ವಾಪಸ್ ತೆಗೆಯಬೇಕಾಯಿತು. ಕೊರತೆ ಎಷ್ಟೆಂದು ಬೇರೆ ಮನೆಗೆ ಹೋದ ಮೇಲೆ ಗೊತ್ತಾಗುವ ಬದಲು ಹೋಗುವ ಮೊದಲೇ ಗೊತ್ತಾಯಿತು. ಹೊರಡುವ ದಿನ ಎರಡು ತಿಂಗಳು ಮುಂದೆ ಹೋಯಿತು. ಎತ್ತಿಟ್ಟ ಹಣವೇ ಮುಂಗಡಕ್ಕೆ ಆಯಿತು.

ಒಂದು ಕಡೆ ನಾನು ಎಡವಿದೆ. ಹೊಸ ಖಾತೆ ತೆರೆಯಿರಿ ಎಂದೆ, ಯಾವ ಫೋನ್ ನಂಬರ್ ಕೊಡುತ್ತೀರಿ ಎಂದು ಕೇಳಲಿಲ್ಲ. ಮನೆಯ ಎಲ್ಲ ಖಾತೆಗಳಿಗೂ ಗಂಡನ ನಂಬರ್ ಇತ್ತು. ರೂಢಿಯಂತೆ ಇವರು ಅದನ್ನೇ ಬರೆದರು. ಬ್ಯಾಂಕಿನ ಮೆಸೇಜು ನೇರ ಅವರ ಫೋನಿಗೆ ಹೋಯಿತು. ಸುಮಾ ಹೇಳುವ ಮೊದಲೇ ಅವರಿಗೆ ವಿಷಯ ತಿಳಿಯಿತು. ಎರಡು ವಾರ ಮನೆಯಲ್ಲಿ ಉಸಿರುಗಟ್ಟುವ ವಾತಾವರಣ. ಭಯದ ಮನೆಯಾಗಿದ್ದರೆ ಇದು ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಈಗ ಮೊದಲ ಭೇಟಿಯಲ್ಲೇ ಕೇಳುತ್ತೇನೆ: ಸಿಮ್ ಯಾರ ಹೆಸರಲ್ಲಿದೆ, ಓಟಿಪಿ ಯಾರಿಗೆ ಬರುತ್ತದೆ, ನಿಮ್ಮ ಇಮೇಲ್ ಇನ್ಯಾವ ಫೋನಿನಲ್ಲಿ ತೆರೆದಿದೆ.

ಮನೆ ಬಿಡುವ ಮೊದಲು ವಕೀಲರನ್ನು ಒಂದು ಸಲ ನೋಡಿಕೊಂಡು ಬನ್ನಿ ಎಂದು ಒತ್ತಿ ಹೇಳಿದೆ. ಹೊರಗೆ ಕಾಲಿಟ್ಟರೆ ಆ ಮನೆಯ ಮೇಲಿನ ಹಕ್ಕಿಗೆ ಏನಾಗುತ್ತದೆ, ಹೇಳದೆ ಮಕ್ಕಳನ್ನು ಕರೆದೊಯ್ದರೆ ನಾಳೆ ಅದನ್ನು ಹೇಗೆ ನೋಡುತ್ತಾರೆ, ಇದಕ್ಕೆಲ್ಲ ಕಾನೂನು ಒಂದೊಂದು ಕಡೆ ಒಂದೊಂದು ಥರ. ಇಬ್ಬರೂ ಸಹಿ ಹಾಕಿದ ಸಾಲ ಮಾತ್ರ ಮನೆ ಬಿಟ್ಟ ಮಾತ್ರಕ್ಕೆ ಬಿಟ್ಟು ಹೋಗುವುದಿಲ್ಲ. ಸುಮಾ ಅಂಥದ್ದೊಂದು ಸಾಲವನ್ನು ಮರೆತೇ ಬಿಟ್ಟಿದ್ದರು.

ಆಸರೆಯ ಮಾತು ಬಂದಾಗ "ತುಂಬಾ ಜನ ಇದಾರೆ, ಏನ್ ಬೇಕಾದ್ರೂ ಕೇಳು ಅಂತಾರೆ" ಎಂದರು. ಅದನ್ನು ಚೌಕಗಳಿಗೆ ಹೊಂದಿಸಿದೆವು. ರಾತ್ರಿ ಹನ್ನೊಂದಕ್ಕೆ ಜ್ವರ ಬಂದರೆ ಯಾರಿಗೆ ಫೋನ್? ಅಕ್ಕ. ನೀವು ಬರುವುದು ಅರ್ಧ ಗಂಟೆ ತಡವಾದರೆ ಶಾಲೆಯ ಗೇಟಿನಲ್ಲಿ ಯಾರು? ಮಗಳ ಗೆಳತಿಯ ತಾಯಿ. ಹೀಗೆ ನಿರ್ದಿಷ್ಟವಾಗಿ ಕೇಳಿದಾಗ ಇಬ್ಬರು ಆಗಲ್ಲ ಎಂದರು. ಅದು ಮೊದಲೇ ಗೊತ್ತಾದದ್ದು ಒಳ್ಳೆಯದೇ ಆಯಿತು.

ಮಕ್ಕಳಿಗೆ ಹೇಳಿದ್ದು ಕೊನೆಗೆ. ಮಗಳಿಗೆ ಮೊದಲೇ ಗುಟ್ಟಾಗಿ ಹೇಳುವ ಆಸೆ ಸುಮಾ ಅವರಿಗಿತ್ತು. ಬೇಡ ಎಂದೆ. ಅಪ್ಪನೆದುರು ಗುಟ್ಟು ಕಾಯುವ ಹೊರೆಯನ್ನು 9 ವರ್ಷದ ಮಗುವಿನ ಮೇಲೆ ಹಾಕಬಾರದು. ಮನೆ ಗೊತ್ತಾಗಿ, ಬೆಳಗಿನ ಏರ್ಪಾಡಿಗೆ ಗಂಡ ಒಪ್ಪಿದ ಮೇಲೆ, ಹೊರಡಲು ಹತ್ತು ದಿನ ಇರುವಾಗ ಇಬ್ಬರೂ ಕೂತು ಹೇಳಿದರು. ಯಾರ ತಪ್ಪು ಎಂಬ ಮಾತೇ ಬರಲಿಲ್ಲ. ಮಗಳ ಮೊದಲ ಪ್ರಶ್ನೆ, "ನನ್ನನ್ನ ಸ್ಕೂಲಿಗೆ ಯಾರು ಬಿಡ್ತಾರೆ?" ಉತ್ತರ ಸಿದ್ಧವಿತ್ತು. ಅಪ್ಪನೇ. ಮಗನಿಗೆ ಅವನ ಹಳೆಯ ಹೊದಿಕೆ, ದಿಂಬನ್ನೇ ಹೊಸ ಮನೆಗೆ ಒಯ್ದರು. ಆದರೂ ಮೂರು ವಾರ ರಾತ್ರಿ ಎದ್ದು ಅತ್ತ. ಆಮೇಲೆ ಕಡಿಮೆಯಾಯಿತು.

ಮೂರು ತಿಂಗಳ ನಂತರ ಸುಮಾ ಅದೇ ಹಾಳೆ ಹಿಡಿದು ಬಂದರು. ಗುರುವಾರದ ಬೆಳಗು ಇನ್ನೂ ಖಾಲಿ. ಅಂದು ಗಂಡನಿಗೆ ಬೇಗ ಕೆಲಸ. ಆ ಒಂದು ದಿನ ಇವರೇ ತಡವಾಗಿ ಹೋಗಿ ಶನಿವಾರ ಎರಡು ಗಂಟೆ ತುಂಬಿಕೊಡುತ್ತಿದ್ದರು. ಶನಿವಾರದ ಆ ಎರಡು ಗಂಟೆಗೆ ಯಾರನ್ನು ಕೇಳುವುದು ಎಂದು ಇಬ್ಬರೂ ಕೂತು ಯೋಚಿಸಿದೆವು.